ಎರಡನೇ ಕ್ಲಾಸಿನ ಮಕ್ಕಳಿಗೆ ರಸ್ತೆ ದಾಟುವ ನಾಟಕ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಟೀಚರ್‌ಗಳು, ಅಪ್ಪ-ಅಮ್ಮಂದಿರು ಈ ಪುಟ್ಟ ನಾಟಕದ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾಟಕ ಪೂರ್ತಿ ಇಲ್ಲೇ ಇದೆ. ಏಳೆಂಟು ನಿಮಿಷದ್ದು. ಬೇಕಾದವರು ಹಾಗೇ ತಗೊಂಡು ಆಡಿಸಬಹುದು.

## ಶುರು ಮಾಡುವ ಮೊದಲು

ರೋಡ್ ಸೇಫ್ಟಿ ಅಂದ್ರೆ ಹೆಲ್ಮೆಟ್, ಸಿಗ್ನಲ್, ಸೀಟ್ ಬೆಲ್ಟ್ ಎಲ್ಲಾ ಬರಬೇಕಲ್ವಾ? ಬರೀ ರಸ್ತೆ ದಾಟೋದು ಯಾಕೆ?

ಏಳು ವರ್ಷದ ಮಗುವಿಗೆ ಒಂದು ನಾಟಕದಲ್ಲಿ ಒಂದೇ ಕೆಲಸ ಕಲಿಸಲು ಆಗುತ್ತದೆ. ಐದು ವಿಷಯ ತುಂಬಿದರೆ ಐದು ಘೋಷಣೆ ಬಾಯಿಗೆ ಬರುತ್ತವೆ, ಕಾಲಿಗೆ ಒಂದೂ ಇಳಿಯುವುದಿಲ್ಲ. ಸೀಟ್ ಬೆಲ್ಟ್ ಹಾಕುವುದು ದೊಡ್ಡವರ ಕೈಯಲ್ಲಿದೆ. ಗೇಟಿನಿಂದ ರಸ್ತೆಗೆ ನುಗ್ಗುವುದು ಮಾತ್ರ ಮಗು ತಾನೇ ಮಾಡುವ ಕೆಲಸ. ಅದಕ್ಕೇ ನಾಟಕ ಅಲ್ಲಿಂದ ಶುರುವಾಗುತ್ತದೆ.

ಹೆಲ್ಮೆಟ್ ಬಗ್ಗೆ ಕೇಳುವವರು ಜಾಸ್ತಿ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರೂ ದ್ವಿಚಕ್ರ ವಾಹನದ ಮೇಲೆ ಹೆಲ್ಮೆಟ್ ಹಾಕಬೇಕು. ಅಂದರೆ ನಿಮ್ಮ ಇಡೀ ಎರಡನೇ ಕ್ಲಾಸು ಅದರಲ್ಲಿ ಬರುತ್ತದೆ. ಆದರೆ ಅದು ಇನ್ನೊಂದು ನಾಟಕ. "ಅಪ್ಪನಿಗೊಂದು, ನನಗೊಂದು" ಅನ್ನುವ ಪಲ್ಲವಿ ಇಟ್ಟು ಬೇರೆಯಾಗಿ ಮಾಡಿ.

ಎಷ್ಟು ಮಕ್ಕಳು ಬೇಕು? ನಮ್ಮ ಕ್ಲಾಸಲ್ಲಿ 38 ಜನ ಇದ್ದಾರೆ, ಎಲ್ಲರಿಗೂ ಪಾರ್ಟ್ ಬೇಕು.

ಮಾತಾಡುವ ಪಾತ್ರ ಏಳು: ಚಿನ್ನು, ಪುಟ್ಟಿ, ಅಜ್ಜಿ, ಆಟೋ, ಬಸ್ಸು, ಬೈಕು, ಟ್ರಾಫಿಕ್ ಪೊಲೀಸ್. ಸಿಗ್ನಲ್ ಬೊಂಬೆಯ ಕಾರ್ಡ್ ಹಿಡಿಯಲು ಇಬ್ಬರು. ಉಳಿದವರೆಲ್ಲ ಮೇಳ. ಮೇಳ ಅಂದರೆ ಮಿಕ್ಕವರು ಅಂತ ಅಲ್ಲ, ನಾಟಕ ನಡೆಸುವವರೇ ಅವರು. ಇದನ್ನು ಮಕ್ಕಳಿಗಿಂತ ಮೊದಲು ಪೋಷಕರಿಗೆ ಹೇಳಿಬಿಡಿ, "ನಮ್ಮ ಮಗೂಗೆ ಡೈಲಾಗೇ ಇಲ್ಲ" ಅನ್ನುವ ಫೋನು ಕಡಿಮೆಯಾಗುತ್ತದೆ.

ನಲಿ-ಕಲಿ ಕೊಠಡಿಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೇ ಕೂತಿರುತ್ತಾರೆ. ಅಲ್ಲಿ ಒಂದನೇ ತರಗತಿಯವರನ್ನು ಮೇಳದ ಮುಂದಿನ ಸಾಲಿಗೆ, ಮೂರನೆಯವರನ್ನು ಹಿಂದಿನ ಸಾಲಿಗೆ ನಿಲ್ಲಿಸಿ. ಹಿಂದಿನ ದನಿ ಕೇಳಿಕೊಂಡು ಮುಂದಿನವರು ಹೇಳಿಬಿಡುತ್ತಾರೆ.

ಪೂರ್ತಿ ಸ್ಕ್ರಿಪ್ಟ್ ಒಂದೇ ಕಡೆ ಸಿಗುತ್ತಾ?

ಮೊದಲು ಜಾಗ ಗೊತ್ತುಮಾಡಿಕೊಳ್ಳಿ. ರಸ್ತೆ ವೇದಿಕೆಗೆ ಅಡ್ಡವಾಗಿದೆ. ಅಜ್ಜಿ ಮತ್ತು ಮಕ್ಕಳು ವೇದಿಕೆಯ ಹಿಂಭಾಗದಲ್ಲಿ ಪ್ರೇಕ್ಷಕರಿಗೆ ಮುಖ ಮಾಡಿ ನಿಂತು, ರಸ್ತೆ ದಾಟಿ ಮುಂದಕ್ಕೆ ಬರುತ್ತಾರೆ. ಪ್ರತಿ ದೃಶ್ಯ ಮುಗಿದ ಮೇಲೆ ವೇದಿಕೆಯ ಬದಿಯಿಂದ ಸುತ್ತಿ ಮತ್ತೆ ಹಿಂದಕ್ಕೆ ಹೋಗುತ್ತಾರೆ. ಮೇಳ ಒಂದು ಪಕ್ಕದಲ್ಲಿ ನಿಂತಿರುತ್ತದೆ.

ಪಲ್ಲವಿ (ಮೇಳ, ಚಪ್ಪಾಳೆ ತಟ್ಟುತ್ತ):

ನಿಲ್ಲು ನಿಲ್ಲು, ಅಂಚಲ್ಲೇ ನಿಲ್ಲು!
ಬಲಕ್ಕೆ ನೋಡು, ಎಡಕ್ಕೆ ನೋಡು,
ಮತ್ತೆ ಬಲಕ್ಕೆ ನೋಡು!
ಗಾಡಿ ಇದ್ಯಾ?

ಉತ್ತರ "ಇದೆ ಇದೆ!" ಆದರೆ ಮೇಳ: ಇದ್ರೆ ನಿಲ್ಲು! (ಪಲ್ಲವಿ ಮತ್ತೆ ಮೊದಲಿಂದ)
ಉತ್ತರ "ಇಲ್ಲ ಇಲ್ಲ!" ಆದರೆ ಮೇಳ: ಕೈ ಹಿಡಿ, ನಡೆದು ದಾಟು!

*ದೃಶ್ಯ 1: ಮನೆ ಗೇಟು*

ಚಿನ್ನು: ಪುಟ್ಟಿ, ಹಿಡಿ! (ಚೆಂಡು ರಸ್ತೆಗೆ ಉರುಳುತ್ತದೆ)
ಪುಟ್ಟಿ: ಅಯ್ಯೋ, ಚೆಂಡು ಹೋಯ್ತು!
ಮೇಳ: ಚೆಂಡು ಹೋದ್ರೆ ಹೋಗ್ಲಿ!
ಚಿನ್ನು, ಪುಟ್ಟಿ: ನಾವು ಹೋಗಲ್ಲ!
ಆಟೋ: ಪೀಂ ಪೀಂ! ನಾನು ಆಟೋ! (ಚೆಂಡಿನ ಪಕ್ಕದಲ್ಲೇ ಹಾದು ಹೋಗುತ್ತದೆ)
ಅಜ್ಜಿ: ಏನಾಯ್ತ್ರೋ ಮಕ್ಕಳಾ?
ಪುಟ್ಟಿ: ಚೆಂಡು ಆಚೆ ಹೋಯ್ತು ಅಜ್ಜಿ.
ಅಜ್ಜಿ: ಕೈ ಕೊಡಿ. ಒಟ್ಟಿಗೆ ಹೋಗೋಣ.
(ಪಲ್ಲವಿ. ಉತ್ತರ ನೋಡಿ ಹೇಳುತ್ತಾರೆ. ದಾಟುತ್ತಾರೆ.)

*ದೃಶ್ಯ 2: ಬಸ್ ಸ್ಟಾಪು*

ಬಸ್ಸು: ಭರ್ ಭರ್! ನಾನು ಬಸ್ಸು! ಇಳೀರಿ ಇಳೀರಿ! (ಹತ್ತಿರದ ಅಂಚಿನಲ್ಲಿ ನಿಲ್ಲುತ್ತದೆ. ಮೂವರೂ ಇಳಿಯುತ್ತಾರೆ.)
ಚಿನ್ನು: ಬಸ್ಸಿನ ಮುಂದೆ ಹೋಗೋಣ್ವಾ?
ಮೇಳ: ಬಸ್ಸು ಮೊದಲು ಹೋಗ್ಲಿ!
ಚಿನ್ನು, ಪುಟ್ಟಿ: ನಾವು ಆಮೇಲೆ!
ಬೈಕು: ಝುಂ ಝುಂ! ನಾನು ಬೈಕು! (ಬಸ್ಸಿನ ಮರೆಯಿಂದ ಹಾದು ಹೋಗುತ್ತದೆ. ಆಮೇಲೆ ಬಸ್ಸೂ ಹೋಗುತ್ತದೆ.)
ಅಜ್ಜಿ: ಈಗ ರಸ್ತೆ ಕಾಣ್ತಾ?
ಚಿನ್ನು, ಪುಟ್ಟಿ: ಕಾಣ್ತು ಅಜ್ಜಿ!
(ಪಲ್ಲವಿ. ದಾಟುತ್ತಾರೆ.)

*ದೃಶ್ಯ 3: ಜೀಬ್ರಾ ಗೆರೆ*

ಅಜ್ಜಿ: ಕೆಂಪು ಬೊಂಬೆ ಬಂದ್ರೆ?
ಮೇಳ: ನಿಲ್ಲು!
ಅಜ್ಜಿ: ಹಸಿರು ಬೊಂಬೆ ಬಂದ್ರೆ?
ಮೇಳ: ನೋಡು!
(ಹಸಿರು ಕಾರ್ಡ್ ಏಳುತ್ತದೆ. ಪಲ್ಲವಿ. ಬೈಕು ಗೆರೆಯ ಮೇಲೆ ಬರುತ್ತದೆ.)
ಚಿನ್ನು, ಪುಟ್ಟಿ: ಇದೆ ಇದೆ!
ಮೇಳ: ಇದ್ರೆ ನಿಲ್ಲು!
ಪೊಲೀಸ್: (ಪೀಪಿ ಊದಿ) ಏಯ್ ಬೈಕು! ಗೆರೆ ಹಿಂದೆ ನಿಲ್ಲು!
ಬೈಕು: ಆಯ್ತು ಸಾರ್! (ಹಿಂದಕ್ಕೆ ಸರಿಯುತ್ತದೆ)
(ಪಲ್ಲವಿ ಮತ್ತೊಮ್ಮೆ, ಈ ಸಲ ಪ್ರೇಕ್ಷಕರೂ ಸೇರಿ. ಎಲ್ಲರೂ ದಾಟುತ್ತಾರೆ.)

ಇಷ್ಟೇನಾ? ಕಥೆ ಏನೂ ಇಲ್ವಲ್ಲ?

ಹೌದು, ಇಷ್ಟೇ. ಕಥೆ ಬೆಳೆಸಿದರೆ ಮಕ್ಕಳು "ನೆಕ್ಸ್ಟ್ ನಂದಾ?" ಅಂತ ಟೀಚರ್ ಮುಖ ನೋಡುತ್ತಾರೆ, ರಸ್ತೆ ನೋಡುವುದಿಲ್ಲ. ಈ ವಯಸ್ಸಿಗೆ ಒಂದು ಸಾಲಿನಲ್ಲಿ ನಾಲ್ಕೈದು ಪದ ಸಾಕು. ಮೂರು ದೃಶ್ಯದಲ್ಲೂ ಪಲ್ಲವಿ ಅದೇ. ಬದಲಾಗುವುದು ಏನು ಅಡ್ಡ ಬಂತು ಅನ್ನೋದು ಮಾತ್ರ.

## ತಾಲೀಮಿನ ಪ್ರಶ್ನೆಗಳು

"ಗಾಡಿ ಇದ್ಯಾ?" ಅನ್ನೋದಕ್ಕೆ ಉತ್ತರ ಯಾಕೆ ಫಿಕ್ಸ್ ಮಾಡಿಲ್ಲ? ಮಕ್ಕಳು ಗಲಿಬಿಲಿ ಆಗಲ್ವಾ?

ನಾಟಕದಲ್ಲಿ ಎಲ್ಲ ಸಾಲೂ ಬಾಯಿಪಾಠ, ಇದೊಂದು ಸಾಲು ಮಾತ್ರ ಅಲ್ಲ. ಬೇಕೆಂದೇ ಹಾಗಿಟ್ಟಿದ್ದೇನೆ. ಉತ್ತರವನ್ನೂ ಉರು ಹೊಡೆಸಿದರೆ ಏನಾಗುತ್ತದೆ ಅಂತ ಒಮ್ಮೆ ನಿಂತು ನೋಡಿ. ಮೇಳ "ಮತ್ತೆ ಬಲಕ್ಕೆ ನೋಡು" ಅನ್ನುವಾಗ ಮಕ್ಕಳ ತಲೆ ಆ ಕಡೆ ಈ ಕಡೆ ಆಡುತ್ತಿರುತ್ತದೆ, ಕಣ್ಣು ಮಾತ್ರ ಪ್ರೇಕ್ಷಕರಲ್ಲಿ ಅಮ್ಮನನ್ನು ಹುಡುಕುತ್ತಿರುತ್ತದೆ. ಆಟೋ ಎದುರಿಗೇ ಬಂದು ನಿಂತಿದ್ದರೂ "ಇಲ್ಲ ಇಲ್ಲ!" ಅಂತ ರಾಗವಾಗಿ ಹೇಳಿ ದಾಟಿಬಿಡುತ್ತಾರೆ. ಅಂಥ ನಾಟಕ ಆಡಿಸದಿದ್ದರೇ ವಾಸಿ.

ಆದ್ದರಿಂದ ಆಟೋ, ಬೈಕು, ಬಸ್ಸು ಯಾವಾಗ ಹೊರಡಬೇಕು ಅಂತ ನೀವು ಮರೆಯಲ್ಲಿ ನಿಂತು ಸನ್ನೆ ಮಾಡಿ. ಒಂದು ಸಲ ಬಲದಿಂದ ಬಿಡಿ, ಒಂದು ಸಲ ಎಡದಿಂದ, ಒಂದು ಸಲ ಯಾರನ್ನೂ ಬಿಡಬೇಡಿ. ಪ್ರದರ್ಶನದ ದಿನವೂ ಹೀಗೇ ಮಾಡಿ. ಮೊದಲ ದಿನ ಗಲಿಬಿಲಿ ಆಗೇ ಆಗುತ್ತದೆ, ಇಬ್ಬರು ಇದೆ ಅಂತಾರೆ, ಒಬ್ಬ ಇಲ್ಲ ಅಂತಾನೆ. ಆಗ ಯಾರದ್ದು ಸರಿ ಅಂತ ನೀವು ಹೇಳಬೇಡಿ. "ಇನ್ನೊಂದು ಸಲ ನೋಡ್ರಿ" ಅನ್ನಿ, ಸಾಕು. ಎರಡು ಮೂರು ದಿನ ಕಳೆದ ಮೇಲೆ ಅವರೇ ಇಣುಕಿ, ಹುಡುಕಿ ನೋಡುತ್ತಾರೆ.

ನಮ್ಮ ಮಕ್ಕಳಿಗೆ ಬಲ ಎಡ ಗೊತ್ತಾಗಲ್ಲ. ಏನ್ಮಾಡೋದು?

ಏಳು ವರ್ಷಕ್ಕೆ ಅದು ಮಾಮೂಲು. ಎಲ್ಲ ಮಕ್ಕಳ ಬಲಗೈಗೆ ಒಂದು ಕೆಂಪು ರಿಬ್ಬನ್ ಕಟ್ಟಿ, ಮೊದಲು ರಿಬ್ಬನ್ ಕಡೆ ನೋಡಲಿ. "ಊಟದ ಕೈ" ಅಂತ ಹೇಳಿಕೊಡುವವರಿದ್ದಾರೆ, ಆದರೆ ಕ್ಲಾಸಲ್ಲಿ ಒಂದಿಬ್ಬರು ಎಡಚರು ಇದ್ದೇ ಇರುತ್ತಾರೆ. ಅವರು ಊಟ ಬಲಗೈಲಿ, ಬರೆಯೋದು ಎಡಗೈಲಿ ಮಾಡುತ್ತಾರೋ, ಎರಡೂ ಎಡಗೈಲೋ, ಹೇಳಲಾಗದು. ರಿಬ್ಬನ್‌ಗೆ ಆ ತಕರಾರಿಲ್ಲ.

ಇನ್ನೊಂದು ಮಾತು. ನೀವು ಮಕ್ಕಳ ಎದುರು ನಿಂತು ನಿಮ್ಮ ಬಲಕ್ಕೆ ತಿರುಗಿದರೆ, ಅವರು ನಿಮ್ಮನ್ನೇ ನಕಲು ಮಾಡಿ ತಮ್ಮ ಎಡಕ್ಕೆ ತಿರುಗುತ್ತಾರೆ. ಹೇಳಿಕೊಡುವಾಗ ಅವರು ನೋಡುವ ಕಡೆಗೇ ಮುಖ ಮಾಡಿ, ಅವರ ಸಾಲಿನಲ್ಲೇ ನಿಲ್ಲಿ.

ಆಟೋ ಯಾವ ಕಡೆಯಿಂದ ಬಂದ್ರೇನು, ನಾಟಕ ತಾನೆ?

ಇದು ತುಂಬ ಮುಖ್ಯ. ನಮ್ಮಲ್ಲಿ ಗಾಡಿಗಳು ಎಡಗಡೆ ಓಡುತ್ತವೆ. ಹಾಗಾಗಿ ಅಂಚಿನಲ್ಲಿ ನಿಂತವರಿಗೆ ಹತ್ತಿರದ ಅರ್ಧ ರಸ್ತೆಯ ಗಾಡಿ ಬಲದಿಂದ ಬರುತ್ತದೆ, ದೂರದ ಅರ್ಧದ್ದು ಎಡದಿಂದ. ಮೊದಲು ಬಲಕ್ಕೆ ನೋಡುವುದು ಇದಕ್ಕೇ. ಹೊರಡುವ ಮುಂಚೆ ಇನ್ನೊಂದು ಸಲ ಬಲಕ್ಕೆ ಯಾಕೆ ಅಂದರೆ, ಮೊದಲ ಹೆಜ್ಜೆ ಇಡುವುದೇ ಆ ಅರ್ಧಕ್ಕೆ.

ಈಗ ವೇದಿಕೆಗೆ ಬನ್ನಿ. ಮಕ್ಕಳು ಪ್ರೇಕ್ಷಕರಿಗೆ ಮುಖ ಮಾಡಿದ್ದಾರೆ. ಅವರ ಬಲ ಅಂದರೆ ಪ್ರೇಕ್ಷಕರ ಎಡ. ಮಕ್ಕಳ ಹತ್ತಿರದ ಅರ್ಧದಲ್ಲಿ ಆಟೋ ಪ್ರೇಕ್ಷಕರ ಎಡದಿಂದ ಬಲಕ್ಕೆ ಓಡಬೇಕು. ಪ್ರೇಕ್ಷಕರ ಹತ್ತಿರದ ಅರ್ಧದಲ್ಲಿ ಅದರ ತಿರುಗುಮುರುಗು. ನಡುವೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಎರಡೂ ಅರ್ಧದಲ್ಲಿ ಬಾಣದ ಗುರುತು ಹಾಕಿ. ಗಾಡಿ ಆಗುವ ಮಕ್ಕಳಿಗೆ ಬಾಣ ನೋಡಿಕೊಂಡು ಓಡಲು ಹೇಳಿ. ತಪ್ಪು ಕಡೆಯಿಂದ ಆಟೋ ಬಿಟ್ಟರೆ ಬಲಕ್ಕೆ ನೋಡಿದ ಮಗುವಿಗೆ ಏನೂ ಕಾಣುವುದಿಲ್ಲ, ಬಲಕ್ಕೆ ನೋಡಿ ಪ್ರಯೋಜನವಿಲ್ಲ ಅಂತ ಅದೇ ಪಾಠ ಕಲಿತುಬಿಡುತ್ತದೆ.

ಒಬ್ಬ ಹುಡುಗನಿಗೆ ಆಕ್ಸಿಡೆಂಟ್ ಆಗೋ ಸೀನ್ ಹಾಕಿದ್ರೆ ಪರಿಣಾಮ ಜಾಸ್ತಿ ಇರಲ್ವಾ?

ಬೇಡ. ತಾಲೀಮಿನಲ್ಲಿ ಬೀಳುವ ಪಾತ್ರಕ್ಕೇ ಪೈಪೋಟಿ ಶುರುವಾಗುತ್ತದೆ. ಬಿದ್ದವನಿಗೆ ನಗು, ಚಪ್ಪಾಳೆ, ಆಂಬುಲೆನ್ಸ್ ಎಲ್ಲಾ ಸಿಗುತ್ತದೆ. ಸುಮ್ಮನೆ ಅಂಚಲ್ಲಿ ನಿಂತವನನ್ನು ಯಾರೂ ನೋಡುವುದಿಲ್ಲ. ನಿಜವಾಗಿ ಮನೆಯಲ್ಲಿ ಅಂಥದ್ದು ನಡೆದಿರುವ ಮಗು ಆ ಕ್ಲಾಸಿನಲ್ಲಿದ್ದರಂತೂ ಕಷ್ಟ. ಈ ನಾಟಕದಲ್ಲಿ ತಪ್ಪು ಮಾಡುವುದು ಚೆಂಡು ಮತ್ತು ಬೈಕು. ಮಕ್ಕಳು ಯಾವ ದೃಶ್ಯದಲ್ಲೂ ನುಗ್ಗುವುದಿಲ್ಲ.

ಇದೇ ಕಾರಣಕ್ಕೆ "ಓಡಬೇಡ" ಅನ್ನುವ ಸಾಲೂ ಇಲ್ಲ. ಅದರ ಜಾಗದಲ್ಲಿ "ನಡೆದು ದಾಟು" ಇದೆ. ಮಾಡಬೇಕಾದ್ದನ್ನೇ ಹೇಳಿದರೆ ಮಕ್ಕಳಿಗೆ ಸಲೀಸು.

ನಾವು ಚಿಕ್ಕವರಿದ್ದಾಗ "ನಿಲ್ಲು, ನೋಡು, ಕೇಳು" ಅಂತ ಕಲ್ತಿದ್ವಿ. "ಕೇಳು" ಯಾಕೆ ತೆಗೆದ್ರಿ?

ಬ್ಯಾಟರಿ ಸ್ಕೂಟರ್, ಬ್ಯಾಟರಿ ಆಟೋ ಹತ್ತಿರ ಬಂದರೂ ಸದ್ದಾಗುವುದಿಲ್ಲ. ಹಾರ್ನ್ ಅಂತೂ ಬೆಂಗಳೂರಲ್ಲಿ ನಾಲ್ಕೂ ದಿಕ್ಕಿನಿಂದ ಒಂದೇ ಸಮ ಬರುತ್ತಿರುತ್ತದೆ, ಯಾವುದು ಎಲ್ಲಿಂದ ಅಂತ ದೊಡ್ಡವರಿಗೇ ತಿಳಿಯದು. ಕಿವಿ ಬೇಡ ಅಂತಲ್ಲ. ಕಿವಿ ನಂಬಿ ಕಣ್ಣು ಬಿಡಬಾರದು ಅಂತ. ನಿಮಗೆ ಇಷ್ಟವಿದ್ದರೆ ಸೇರಿಸಿಕೊಳ್ಳಿ, ಆದರೆ "ನೋಡು" ಮೂರು ಸಲವೂ ಉಳಿಯಲಿ.

ಎಷ್ಟು ದಿನ ತಾಲೀಮು ಬೇಕು?

ದಿನಕ್ಕೆ 20 ನಿಮಿಷದಂತೆ ಒಂದು ವಾರ. ಮೊದಲ ಎರಡು ದಿನ ಪಾತ್ರವೇ ಹಂಚಬೇಡಿ, ಇಡೀ ಕ್ಲಾಸಿಗೆ ಪಲ್ಲವಿ ಕಲಿಸಿ. ಮೂರನೇ ದಿನದಿಂದ ಪಾತ್ರ ಕೊಡಿ, ದಿನಾ ಅದಲು ಬದಲು ಮಾಡಿ. ಆಗ ನಾಟಕದ ದಿನ ಪುಟ್ಟಿಗೆ ಜ್ವರ ಬಂದರೂ ಯಾರು ಬೇಕಾದರೂ ಪುಟ್ಟಿ ಆಗಬಹುದು. ಜನವರಿಯ ರಸ್ತೆ ಸುರಕ್ಷತಾ ಮಾಸಕ್ಕೆ ಆಡುವುದಾದರೆ ಕ್ರಿಸ್‌ಮಸ್ ರಜೆಗೆ ಮೊದಲೇ ಪಲ್ಲವಿ ಕಲಿಸಿಡಿ.

ಕನ್ನಡ ಮನೆಮಾತಲ್ಲದ ಮಕ್ಕಳು ಅರ್ಧಕ್ಕರ್ಧ ಇದ್ದಾರೆ. ಹೇಳ್ತಾರಾ?

ಹೇಳುತ್ತಾರೆ. ಸಾಲಿನ ಜೊತೆ ಕೆಲಸವೂ ಇರುವುದರಿಂದ ಅರ್ಥ ತಾನೇ ತಿಳಿಯುತ್ತದೆ. ಅವರನ್ನು ಮೇಳದ ಒಂದೇ ಮೂಲೆಗೆ ಹಾಕಬೇಡಿ, ನಡುನಡುವೆ ನಿಲ್ಲಿಸಿ.

ಡ್ರೆಸ್ಸು, ಸಾಮಾನು ಏನೇನು ಬೇಕು?

ಜಾಸ್ತಿ ಏನೂ ಬೇಡ. ಆಟೋಗೆ ತಳ ತೆಗೆದ ರಟ್ಟಿನ ಡಬ್ಬ, ಕೆಳಗೆ ಹಸಿರು ಬಣ್ಣ, ಮೇಲೆ ಹಳದಿ. ಭುಜಕ್ಕೆ ಎರಡು ದಾರ. ಡಬ್ಬ ಮಂಡಿಗಿಂತ ಮೇಲಿರಲಿ, ಇಲ್ಲದಿದ್ದರೆ ಎಡವುತ್ತಾರೆ. ಬಸ್ಸಿಗೆ ಮಾತ್ರ ದೊಡ್ಡ ರಟ್ಟು ಬೇಕು, ಯಾಕೆಂದರೆ ಅದರ ಹಿಂದೆ ಬೈಕು ನಿಜವಾಗಲೂ ಮರೆಯಾಗಬೇಕು. ಟಿವಿ ಅಥವಾ ವಾಷಿಂಗ್ ಮಷಿನ್ ಬಂದ ಡಬ್ಬ ಸಿಕ್ಕರೆ ಬಿಡಬೇಡಿ. ಪೊಲೀಸಿಗೆ ಬಿಳಿ ಅಂಗಿ, ಖಾಕಿ ಪ್ಯಾಂಟು, ಒಂದು ಪೀಪಿ.

ಜೀಬ್ರಾ ಗೆರೆಗೆ ಬಿಳಿ ಬಟ್ಟೆಯಾಗಲಿ, ಪೇಪರ್ ಆಗಲಿ ಹಾಸಬೇಡಿ, ಜಾರುತ್ತದೆ. ಅಂಗಳವಾದರೆ ಸುಣ್ಣ, ವೇದಿಕೆಯಾದರೆ ಬಿಳಿ ಟೇಪು. ಮೈಕ್ ಮಕ್ಕಳ ಕೈಗೆ ಕೊಡಬೇಡಿ, ಮೇಳದ ಮುಂದೆ ಒಂದು ಸ್ಟ್ಯಾಂಡ್ ಇಟ್ಟರೆ ಸಾಕು.

## ನಾಟಕ ಮುಗಿದ ಮೇಲೆ, ನಿಜವಾದ ರಸ್ತೆಯಲ್ಲಿ

ನನ್ನ ಮಗಳು ನಾಟಕ ಆದಾಗಿನಿಂದ "ಕೈ ಬಿಡಮ್ಮ, ನಂಗೆ ದಾಟೋಕೆ ಬರುತ್ತೆ" ಅಂತಾಳೆ. ಬಿಡಬಹುದಾ?

ಬಿಡಬೇಡಿ. ನಿಂತು ನೋಡುವುದನ್ನು ಈ ವಯಸ್ಸಿಗೆ ಕಲಿಯಬಹುದು. ದೂರದಲ್ಲಿರುವ ಗಾಡಿ ಎಷ್ಟು ವೇಗದಲ್ಲಿ ಬರುತ್ತಿದೆ, ನಾನು ಆಚೆ ಸೇರುವಷ್ಟರಲ್ಲಿ ಅದು ಎಲ್ಲಿರುತ್ತದೆ ಅನ್ನುವ ಅಂದಾಜು ಮಾತ್ರ ಏಳು ವರ್ಷದ ಮಗುವಿಗೆ ಬರುವುದಿಲ್ಲ. ಅದು ಪಾಠದಿಂದ ಬರುವಂಥದ್ದಲ್ಲ, ವಯಸ್ಸಿನ ಜೊತೆ ಬಲಿಯುವಂಥದ್ದು. ಮೇಲಾಗಿ ಅಷ್ಟೇ ಎತ್ತರದ ಮಗು ನಿಂತ ಕಾರುಗಳ ನಡುವೆ ಡ್ರೈವರ್ ಕಣ್ಣಿಗೂ ಬೀಳುವುದಿಲ್ಲ. ಪಲ್ಲವಿಯ ಕೊನೆಯಲ್ಲಿ "ಕೈ ಹಿಡಿ" ಇರುವುದು, ಅಜ್ಜಿ ಮೂರು ದೃಶ್ಯದಲ್ಲೂ ಇರುವುದು ಅದಕ್ಕೇ.

ಹಾಗಂತ ಅವಳ ಉತ್ಸಾಹ ಮುರಿಯಬೇಡಿ. ಕೈ ಹಿಡಿದೇ, "ಗಾಡಿ ಇದ್ಯಾ ಪುಟ್ಟಾ?" ಅಂತ ಅವಳನ್ನೇ ಕೇಳಿ. ನೋಡಿ ಹೇಳುವ ಕೆಲಸ ಅವಳದ್ದು, ಹೊರಡುವ ತೀರ್ಮಾನ ನಿಮ್ಮದು.

ಮಕ್ಕಳು ನಿಜವಾಗಲೂ ಕಲಿತಿದ್ದಾರಾ, ಬರೀ ಹಾಡ್ತಿದ್ದಾರಾ ಅಂತ ಹೇಗೆ ತಿಳಿಯೋದು?

ನಾಟಕ ಆಗಿ ಎರಡು ವಾರ ಬಿಟ್ಟು, ಶಾಲೆಯ ಅಂಗಳದಲ್ಲಿ ಎರಡು ಗೆರೆ ಎಳೆದು "ಇದು ರಸ್ತೆ" ಅನ್ನಿ. ಒಬ್ಬೊಬ್ಬರನ್ನೇ ಕರೆದು ಚೆಂಡಾಟ ಆಡಿಸಿ. ಪಲ್ಲವಿ ನೆನಪಿಸಬೇಡಿ. ಆಟದ ನಡುವೆ ಚೆಂಡು ಗೆರೆ ದಾಟಿ ಉರುಳಲಿ. ಗೆರೆಯ ಹತ್ತಿರ ಕಾಲು ನಿಂತಿತಾ? ಅದನ್ನು ಮೊದಲು ನೋಡಿ. ಆಮೇಲೆ ಗದ್ದ ಭುಜದವರೆಗೂ ತಿರುಗಿತಾ, ಅಲ್ಲಿ ಕ್ಷಣಹೊತ್ತು ತಂಗಿತಾ ಅಂತ ಗಮನಿಸಿ. ಬರೀ ಹಾಡುವ ಮಗು ತಲೆಯನ್ನು ಟಕಟಕ ಆಡಿಸುತ್ತದೆ, ನೋಟ ಚೆಂಡಿನ ಮೇಲೇ ಇರುತ್ತದೆ. ಅಂಥವರಿಗೆ ಒಂದು ಉಪಾಯ: ನೀವು ಬಲಗಡೆ ದೂರದಲ್ಲಿ ನಿಂತು ಬೆರಳು ಎತ್ತಿ ಹಿಡಿಯಿರಿ. "ಎಷ್ಟು ಬೆರಳು?" ಅಂತ ಕೇಳಿ. ಆ ಕಡೆ ನಿಜವಾಗಿ ನೋಡಿದವರಿಗೆ ಮಾತ್ರ ಉತ್ತರ ಗೊತ್ತಿರುತ್ತದೆ.

ಇದೆಲ್ಲ ಅಂಗಳದಲ್ಲಿ. ನಿಜವಾದ ರಸ್ತೆಯಲ್ಲಿ ಪರೀಕ್ಷೆ ಮಾಡುವ ಗೋಜಿಗೆ ಹೋಗಬೇಡಿ.

ಹಸಿರು ಬೊಂಬೆ ಬಂದ್ರೆ ಹೋಗಬಹುದು ಅಂತ ತಾನೆ ರೂಲ್ಸು? ನೀವು "ನೋಡು" ಅಂತೀರಲ್ಲ?

ರೂಲ್ಸು ಹಾಗೇ ಇದೆ. ಆದರೆ ನಮ್ಮ ಎಷ್ಟೋ ಸರ್ಕಲ್‌ಗಳಲ್ಲಿ ಫ್ರೀ ಲೆಫ್ಟ್ ಇದೆ. ನಡೆಯುವವರಿಗೆ ಹಸಿರು ಬಿದ್ದಾಗಲೂ ಎಡಕ್ಕೆ ತಿರುಗುವ ಗಾಡಿಗಳು ಬರುತ್ತಲೇ ಇರುತ್ತವೆ. ಜೊತೆಗೆ ಸಿಗ್ನಲ್ ಹಾರಿಸುವ ಬೈಕುಗಳು. ಹಸಿರು ಅಂದರೆ ಈಗ ನೋಡಲು ಶುರು ಮಾಡು ಅಂತ ಮಗುವಿಗೆ ಹೇಳಿಕೊಟ್ಟರೆ ನಷ್ಟವೇನಿಲ್ಲ, ಎರಡು ಸೆಕೆಂಡ್ ತಡವಾಗುತ್ತದೆ ಅಷ್ಟೇ.

ಒನ್‌ವೇ ರಸ್ತೇಲಿ, ಡಿವೈಡರ್ ಇರೋ ರಸ್ತೇಲಿ ಈ ಪಲ್ಲವಿ ಹೊಂದುತ್ತಾ?

ಹೊಂದುತ್ತದೆ. ಮಲ್ಲೇಶ್ವರದ ಸಂಪಿಗೆ ರಸ್ತೆಯಂಥ ಒನ್‌ವೇಯಲ್ಲಿ ಒಂದೇ ಕಡೆ ನೋಡಿದರೆ ಸಾಕು ಅನ್ನಿಸುತ್ತದೆ. ರಾಂಗ್ ಸೈಡಲ್ಲಿ ಬರುವ ಸ್ಕೂಟರಿಗೆ ಅದು ಒನ್‌ವೇ ಅಂತ ಯಾರು ಹೇಳಬೇಕು? ಎರಡೂ ಕಡೆ ನೋಡುವ ಅಭ್ಯಾಸ ಬದಲಿಸಬೇಡಿ.

ಡಿವೈಡರ್ ಇದ್ದರೆ ಅದು ಎರಡು ರಸ್ತೆ ಅಂತಲೇ ಲೆಕ್ಕ. ಡಿವೈಡರ್ ಹತ್ತಿರ ನಿಂತು ಪಲ್ಲವಿ ಮತ್ತೆ ಮೊದಲಿಂದ. ಅಲ್ಲಿ ಗಾಡಿ ಬರುವುದು ಎಡದಿಂದ, ಆದ್ದರಿಂದ ಕೊನೆಯ ನೋಟ ಎಡಕ್ಕೆ ಇರಬೇಕು. ಇದನ್ನು ಎರಡನೇ ಕ್ಲಾಸಿಗೆ ತುಂಬಬೇಡಿ, ಕೈ ಹಿಡಿದ ದೊಡ್ಡವರು ನೆನಪಿಟ್ಟುಕೊಂಡರೆ ಸಾಕು. ಕನಕಪುರ ರಸ್ತೆ, ತುಮಕೂರು ರಸ್ತೆಯಂಥ ಕಡೆ ನಡುವೆ ಮೆಟ್ರೊ ಕಂಬಗಳಿವೆ. ಕಂಬದ ಪಕ್ಕದಿಂದ ದಾಟಲು ಹೋದರೆ ಬರುವ ಗಾಡಿ ನಿಮಗೂ ಕಾಣದು, ನೀವು ಅದಕ್ಕೂ ಕಾಣುವುದಿಲ್ಲ. ಎರಡನೇ ದೃಶ್ಯದ ಬಸ್ಸಿನ ಜಾಗದಲ್ಲಿ ಕಂಬ ಇಟ್ಟು ಮೂರನೇ, ನಾಲ್ಕನೇ ತರಗತಿಯವರಿಗೆ ಹೊಸ ದೃಶ್ಯ ಮಾಡಬಹುದು.

ನಮ್ಮ ಶಾಲೆ ಮುಂದೆ ಜೀಬ್ರಾನೂ ಇಲ್ಲ, ಫುಟ್‌ಪಾತೂ ಅಗೆದು ಹಾಕಿದ್ದಾರೆ. ಮೂರನೇ ದೃಶ್ಯ ಮಾಡಿ ಏನು ಉಪಯೋಗ?

ಹಾಗಿದ್ದರೆ ಮೂರನೇ ದೃಶ್ಯ ಬಿಡಿ, ನಿಮ್ಮ ಗೇಟಿನ ಮುಂದೆ ಏನಿದೆಯೋ ಅದನ್ನೇ ತನ್ನಿ. ಜಲ್ಲಿ ರಾಶಿ, ನಿಂತ ಗೂಡ್ಸ್ ಟೆಂಪೋ, ಅಗೆದ ಗುಂಡಿ. ಟೆಂಪೋ ಆಗುವ ಮಗುವಿಗೆ ಒಂದೇ ಸಾಲು: "ನಾನು ಟೆಂಪೋ! ನನ್ನ ಮರೇಲಿ ನಿಲ್ಬೇಡ!" ಮೇಳದ ಉತ್ತರ: "ಆಚೆ ಬಾ, ಕಾಣೋ ಹಾಗೆ ನಿಲ್ಲು!" ಆಮೇಲೆ ಪಲ್ಲವಿ. ಫುಟ್‌ಪಾತ್ ಇಲ್ಲದ ಕಡೆ ಎದುರಿಗೆ ಬರುವ ಗಾಡಿ ಕಾಣುವಂತೆ ರಸ್ತೆಯ ಬಲ ಅಂಚಿನಲ್ಲಿ ನಡೆಯಬೇಕು, ಮಗು ಅಂಚಿನ ಕಡೆ, ದೊಡ್ಡವರು ಗಾಡಿಗಳ ಕಡೆ. ಅಜ್ಜಿಗೆ ಇದೊಂದನ್ನು ಹೇಳಿಕೊಡಿ, ವೇದಿಕೆಗೆ ಬರುವಾಗಲೇ ಹಾಗೆ ನಡೆದು ಬರಲಿ.